ಅಕ್ಕನ ಮದುವೆ ಜಾಹೀರಾತು: ದೊಡ್ಡಪ್ಪ ಬರೆದ ಈ ಸಾಲುಗಳನ್ನು ಓದಿದವರಿಗೆ ಏನು ಅನ್ಸುತ್ತೆ?

ತುಂಗೆ ದಡದವನು

ನಮ್ಮಕ್ಕನಿಗೆ ಎರಡನೇ ಮದುವೆಗೆ ಹುಡುಗನನ್ನು ನೋಡುತ್ತಿದ್ದೇವೆ. ಮೊದಲನೆಯದು ಒಂದೂವರೆ ವರ್ಷ ಒಟ್ಟಿಗಿದ್ದು, ಆಮೇಲೆ ಇಬ್ಬರೂ ಒಪ್ಪಿ ಕೋರ್ಟಿನಲ್ಲಿ ಬಿಡುಗಡೆ ತೆಗೆದುಕೊಂಡರು. ದೊಡ್ಡಪ್ಪ ಪೇಪರಿಗೆ ಹಾಕಲು ಒಂದು ಜಾಹೀರಾತು ಬರೆದು ನನ್ನ ಕೈಗೆ ಕೊಟ್ಟಿದ್ದಾರೆ. ಅಕ್ಕ ಅದನ್ನು ಓದಿ "ಇದು ಯಾರ ಬಗ್ಗೆ?" ಅಂತ ಕೇಳಿ ಒಳಗೆ ಹೋದಳು. ಜಾತಿ ಹೆಸರು ತೆಗೆದು ಇಲ್ಲಿ ಹಾಕುತ್ತಿದ್ದೇನೆ, ಆ ಜಗಳ ಬೇಡ.

"ಸುಸಂಸ್ಕೃತ ಕುಟುಂಬದ, 33 ವರ್ಷ, 5 ಅಡಿ 3 ಅಂಗುಲ, ಎಂ.ಕಾಂ., ಖಾಸಗಿ ಬ್ಯಾಂಕ್ ಉದ್ಯೋಗಿ, ಲಕ್ಷಣವಾದ, ಹೊಂದಿಕೊಂಡು ಹೋಗುವ, ಅಲ್ಪಕಾಲದ ವಿವಾಹ, ಇನ್ನೊಸೆಂಟ್ ಡೈವೋರ್ಸಿ, ಮಕ್ಕಳಿಲ್ಲದ ವಧುವಿಗೆ ಸ್ವಜಾತಿಯ, ದುಶ್ಚಟಗಳಿಲ್ಲದ, ಸ್ವಂತ ಮನೆಯುಳ್ಳ ವರ ಬೇಕು. ವಿಚ್ಛೇದಿತ, ವಿಧುರ ಆದೀತು. ಯೋಗ್ಯತಾನುಸಾರ ಉತ್ತಮವಾಗಿ ಮದುವೆ ಮಾಡಿಕೊಡಲಾಗುವುದು."

ಇದರಲ್ಲಿ ಯಾವ ಮಾತು ಓದುವವರಿಗೆ ಏನು ಹೇಳುತ್ತದೆ? ಏನು ಬಿಡಬೇಕು, ಏನು ಇಡಬೇಕು? ದೊಡ್ಡಪ್ಪನಿಗೆ ಬೇಜಾರಾಗದ ಹಾಗೆ ತಿದ್ದಬೇಕು, ಅದೇ ಕಷ್ಟ.

ನೀಲಿ ಕೊಡೆ

"ಹೊಂದಿಕೊಂಡು ಹೋಗುವ" ಮೊದಲು ತೆಗೀರಿ. ಪಕ್ಕದಲ್ಲೇ ಡೈವೋರ್ಸ್ ಅಂತ ಇದೆ. ಹೊಂದಿಕೊಂಡು ಹೋಗುವವಳಾದರೆ ಅಲ್ಲಿ ಯಾಕೆ ಹೊಂದಲಿಲ್ಲ ಅಂತಲೇ ಓದುವವರು ಯೋಚಿಸುತ್ತಾರೆ. ನಮ್ಮತ್ತೆ ಪ್ರತಿ ಭಾನುವಾರ ಕಾಫಿ ಕುಡಿಯುತ್ತಾ ಆ ಪುಟವನ್ನು ಹೀಗೇ ಓದೋದು. ಯಾರಿಗೂ ಸಂಬಂಧ ಹುಡುಕುತ್ತಿಲ್ಲ, ಸುಮ್ನೆ ಪತ್ತೇದಾರಿಕೆ.

ಹಳೇ ಕೌಂಟರ್

ನಾನು ಬಹಳ ವರ್ಷ ಒಂದು ಪತ್ರಿಕೆಯ ವರ್ಗೀಕೃತ ಜಾಹೀರಾತು ಕೌಂಟರಿನಲ್ಲಿ ಕೂತಿದ್ದವನು. ಯಾವ ಪತ್ರಿಕೆ ಅಂತ ಕೇಳಬೇಡಿ. ಇಂಥ ಫಾರಂ ಲೆಕ್ಕವಿಲ್ಲದಷ್ಟು ನೋಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ಜನ ಕೌಂಟರಿಗೆ ಬಂದಾಗ ಅವರ ಕೈಯಲ್ಲಿ ಮನಸ್ಸಿನಲ್ಲಿದ್ದ ಕಥೆ ಇರುವುದಿಲ್ಲ. ಹಿಂದಿನ ಭಾನುವಾರದ ಪೇಪರಿನ ತುಂಡು ಇರುತ್ತದೆ. "ಇದೇ ತರ ಹಾಕಿ, ವಯಸ್ಸು ಮಾತ್ರ ಬದಲಾಯಿಸಿ" ಅನ್ನುತ್ತಾರೆ. ದೊಡ್ಡಪ್ಪನವರ ಬರಹದಲ್ಲಿ ಅರ್ಧಕ್ಕೂ ಜಾಸ್ತಿ ಪದಗಳು ಹೀಗೇ ಬಂದಿರೋದು. ಅವರು ನಿಮ್ಮಕ್ಕನ ಬಗ್ಗೆ ಹಾಗೆ ಯೋಚಿಸಿ ಬರೆದಿದ್ದಾರೆ ಅಂತ ಅಕ್ಕ ಅಂದುಕೊಳ್ಳೋದು ಬೇಡ. ಒಂದು ಪದ ಒಮ್ಮೆ ರೂಢಿಗೆ ಬಂದರೆ ಅದನ್ನು ಬಿಟ್ಟವರ ಮೇಲೆ ಅನುಮಾನ ಶುರುವಾಗುತ್ತದೆ. ಅದಕ್ಕೇ ಎಲ್ಲರೂ ಹಾಕುತ್ತಾರೆ.

ಈಗ "ಅಲ್ಪಕಾಲದ ವಿವಾಹ". ಇದು ಕಾಲದ ಲೆಕ್ಕ ಅಲ್ಲ. ಗಂಡ ಹೆಂಡತಿ ಒಟ್ಟಿಗೆ ಸಂಸಾರ ಮಾಡಿದ್ದಾರಾ ಇಲ್ವಾ ಅನ್ನೋ ಪ್ರಶ್ನೆಗೆ, ಯಾರೂ ಬಾಯಿಬಿಟ್ಟು ಕೇಳುವ ಮೊದಲೇ ಕೊಡುವ ಉತ್ತರ. ಇದರ ಇನ್ನೊಂದು ರೂಪ "ಹೆಸರಿಗೆ ಮಾತ್ರ ಮದುವೆ". ಅದು ಇನ್ನೂ ನೇರ. ಎರಡನ್ನೂ ನಾನು ಹುಡುಗಿಯರ ಜಾಹೀರಾತಿನಲ್ಲೇ ಹೆಚ್ಚು ಕಂಡಿದ್ದು. ಗಂಡಸರದು ಬಂದರೆ "ವಿಚ್ಛೇದಿತ" ಅಂತ ಒಂದೇ ಪದ ಇರುತ್ತಿತ್ತು. ಎಷ್ಟು ಕಾಲದ ಮದುವೆ ಅಂತ ಅವನು ಯಾರಿಗೂ ಹೇಳಬೇಕಾಗಿರಲಿಲ್ಲ.

ನಿಮ್ಮಕ್ಕ ಒಂದೂವರೆ ವರ್ಷ ಸಂಸಾರ ಮಾಡಿದವರು. "ಅಲ್ಪಕಾಲ" ಅಂತ ಓದಿ ಬಂದವರು ಹದಿನೈದು ದಿನ, ಒಂದು ತಿಂಗಳು ಅಂತ ಎಣಿಸಿಕೊಂಡು ಬರುತ್ತಾರೆ. ಮೊದಲ ಫೋನಿನಲ್ಲೇ "ಎಷ್ಟು ದಿನ ಇದ್ರು?" ಅಂತ ಕೇಳುತ್ತಾರೆ. ಒಂದೂವರೆ ವರ್ಷ ಅಂದ ತಕ್ಷಣ ಆ ಕಡೆ ದನಿ ಬದಲಾಗುತ್ತದೆ. ಸುಳ್ಳು ಹೇಳಿದಂತಾಗುವುದು ಆಗಲೇ.

ಮಲ್ಲಿಗೆ ಮೊಳ

ಕೌಂಟರ್ ಸರ್ ಹೇಳಿದ್ದು ನೂರಕ್ಕೆ ನೂರು. ನಾನೂ ಡೈವೋರ್ಸ್ ಆದವಳು. ನನ್ನ ಜಾಹೀರಾತಿನಲ್ಲಿ ಮನೆಯವರು "ಕೆಲವೇ ತಿಂಗಳ" ಅಂತ ಹಾಕಿಸಿದ್ದರು. ಒಬ್ಬ ಹೆಂಗಸು ಫೋನ್ ಮಾಡಿ ನಮ್ಮಮ್ಮನ ಹತ್ತಿರ "ಹುಡುಗಿ ಅಲ್ಲಿ ಎಷ್ಟು ಹಬ್ಬ ಮಾಡಿದ್ದಾಳೆ?" ಅಂತ ಕೇಳಿದರು. ಎಷ್ಟು ನಾಜೂಕು ನೋಡಿ! ಅಮ್ಮ ಯುಗಾದಿ, ಗೌರಿ ಅಂತ ಬೆರಳು ಮಡಚಿ ಎಣಿಸುತ್ತಾ ಉತ್ತರ ಕೊಟ್ಟರು. ನಾನು ಪಕ್ಕದಲ್ಲೇ ಇದ್ದೆ.

ಗಂಟೆ ಬಸಣ್ಣ

ದಯವಿಟ್ಟು ಅಕ್ಕನವರ ಜಾತಕ, ಫೋಟೋ, ಮೊಬೈಲ್ ನಂಬರ್ ಕಳಿಸಿ. ನಮ್ಮ ಚಿಕ್ಕಪ್ಪನ ಮಗ ಇದ್ದಾನೆ, 45 ವರ್ಷ, ಒಳ್ಳೆ ಹುಡುಗ.

ನೀಲಿ ಕೊಡೆ

ಬಸಣ್ಣ, ಇಲ್ಲಿ ಸಂಬಂಧ ಕೇಳ್ತಾ ಇಲ್ಲ. ಸಾಲು ತಿದ್ತಾ ಇದ್ದಾರೆ.

ಗಂಟೆ ಬಸಣ್ಣ

ಎರಡೂ ಒಂದೇ ಅಲ್ವಾ.

ಕಾನೂನು ಕಟ್ಟೆ

ಕೊನೆ ಸಾಲು ನೋಡಿ. "ಯೋಗ್ಯತಾನುಸಾರ ಉತ್ತಮವಾಗಿ ಮದುವೆ ಮಾಡಿಕೊಡಲಾಗುವುದು" ಅಂದರೆ ವರದಕ್ಷಿಣೆ ಕೊಡುತ್ತೇವೆ ಅಂತಲೇ ಅರ್ಥ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಪ್ರಕಾರ ಇಂಥ ಜಾಹೀರಾತು ಕೊಡೋದೇ ಅಪರಾಧ. ದೊಡ್ಡಪ್ಪ ಒಳಗೆ ಹೋಗಬಹುದು, ಹುಷಾರ್.

ಕರಿಕೋಟು

ಅರ್ಧ ಸರಿ. ಕಾಯ್ದೆಗೆ 1986ರಲ್ಲಿ 4ಎ ಅಂತ ಒಂದು ಕಲಂ ಸೇರಿಸಿದರು. ಮದುವೆಗೆ ಪ್ರತಿಫಲವಾಗಿ ಆಸ್ತಿಯಲ್ಲೋ ವ್ಯಾಪಾರದಲ್ಲೋ ಪಾಲು, ಇಲ್ಲವೇ ಹಣ ಕೊಡುತ್ತೇವೆ ಅಂತ ಜಾಹೀರಾತು ಹಾಕುವುದು ಅದರ ಪ್ರಕಾರ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಇಲ್ಲವೇ 15,000 ರೂಪಾಯಿವರೆಗೆ ದಂಡ. ಹಾಕಿಸಿದವರಿಗಷ್ಟೇ ಅಲ್ಲ, ಅಚ್ಚು ಮಾಡಿದವರಿಗೂ ಪ್ರಕಟಿಸಿದವರಿಗೂ ಅನ್ವಯಿಸುತ್ತದೆ.

ಆದರೆ "ಉತ್ತಮವಾಗಿ ಮದುವೆ" ಅನ್ನೋದರಲ್ಲಿ ಹಣವೂ ಇಲ್ಲ, ಪಾಲೂ ಇಲ್ಲ. ಇದರ ಮೇಲೆ ಕೇಸು ನಿಲ್ಲೋದು ಕಷ್ಟ. ಇಂಥ ಮಸುಕು ಮಾತು ಇಷ್ಟು ಅನುಕೂಲ ಆಗಿರೋದೂ ಅದಕ್ಕೇ. ಕಾಯ್ದೆ ಬಾಗಿಲು ಹಾಕಿತು, ಭಾಷೆ ಕಿಟಕಿಯಲ್ಲಿ ನುಸುಳಿತು.

ಹಳೇ ಕೌಂಟರ್

ಕರಿಕೋಟು ಅವರು ಹೇಳಿದ್ದಕ್ಕೆ ಕೌಂಟರಿನ ಕಡೆಯಿಂದ ಒಂದು ಸೇರಿಸುತ್ತೇನೆ. "ಮದುವೆಗೆ ಸೈಟು ಕೊಡಲಾಗುವುದು" ಅಂತ ಬಂದರೆ ನಾವು ತೆಗೆದುಕೊಳ್ಳುತ್ತಿರಲಿಲ್ಲ. ಜನರಿಗೆ ಅದು ಗೊತ್ತು. ಹಾಗಾಗಿ ಕೊಡುತ್ತೇವೆ ಅನ್ನೋದನ್ನು ಬಿಟ್ಟು ಇದೆ ಅಂತ ಬರೆಯುತ್ತಿದ್ದರು. "ಒಬ್ಬಳೇ ಮಗಳು." "ವಧುವಿನ ಹೆಸರಿನಲ್ಲಿ ನಿವೇಶನ ಇದೆ." "ತಂದೆ ನಿವೃತ್ತ ಇಂಜಿನಿಯರ್." ಯಾರೂ ಏನನ್ನೂ ಕೊಡ್ತೀನಿ ಅಂದಿಲ್ಲ, ಓದುವವರು ಲೆಕ್ಕ ಹಾಕಿಕೊಳ್ಳುತ್ತಾರೆ.

ವರನ ಕಡೆಯವರದು ಇನ್ನೊಂದು ಥರ. "ವರದಕ್ಷಿಣೆ ಬೇಡ" ಅಂತ ಹಾಕಿಸಲು ಬರುತ್ತಿದ್ದರು. ಅದರಲ್ಲಿ ನಿಜವಾದವರೂ ಇದ್ದರು. ಆದರೆ ಅದರ ಮುಂದೆಯೇ "ಅನುಕೂಲಸ್ಥ ಕುಟುಂಬದ ವಧು" ಅಂತ ಸೇರಿಸಿ ಅಂದರೆ ನಾನು ಪೆನ್ನು ಕೆಳಗಿಟ್ಟು ಒಂದು ಸಲ ಮುಖ ನೋಡುತ್ತಿದ್ದೆ.

ತುಂಗೆ ದಡದವನು

ದೊಡ್ಡಪ್ಪನನ್ನು ಕೇಳಿದೆ. "ಉತ್ತಮವಾಗಿ ಮದುವೆ ಅಂದ್ರೆ ಛತ್ರ, ಊಟ ಚೆನ್ನಾಗಿ ಮಾಡ್ತೀವಿ ಅಂತ ಕಣೋ, ಎರಡನೇ ಮದುವೆ ಅಂತ ದೇವಸ್ಥಾನದಲ್ಲಿ ಮುಗಿಸಲ್ಲ ಅಂತ" ಅಂದರು. ನನಗೆ ಹೊಳೆದೇ ಇರಲಿಲ್ಲ. ಅವರಿಗೆ ಅದು ಮರ್ಯಾದೆಯ ಮಾತು. ಅಕ್ಕ ಆದರೆ "ನನಗೆ ದೇವಸ್ಥಾನವೇ ಸಾಕು, ರಿಜಿಸ್ಟರ್ ಆದ್ರೂ ಸಾಕು" ಅನ್ನುತ್ತಾಳೆ.

ಇನ್ನೊಸೆಂಟ್ ಬಗ್ಗೆ ಯಾರೂ ಹೇಳಲಿಲ್ಲ. ಅಕ್ಕನಿಗೆ ಜಾಸ್ತಿ ಸಿಟ್ಟು ಬಂದಿರೋದು ಅದರ ಮೇಲೆ.

ಕರಿಕೋಟು

ಅದಕ್ಕೊಂದು ಹಿನ್ನೆಲೆ ಇದೆ ಅಂತ ನನ್ನ ಅನಿಸಿಕೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ಇಬ್ಬರೂ ಒಪ್ಪಿ ಬೇರೆಯಾಗುವ ದಾರಿ ಇರಲಿಲ್ಲ. ಒಬ್ಬರು ಇನ್ನೊಬ್ಬರ ಮೇಲೆ ಕಾರಣ ತೋರಿಸಿ ಸಾಬೀತು ಮಾಡಬೇಕಿತ್ತು. ಅಂದರೆ ಕೋರ್ಟಿನಲ್ಲಿ ಒಬ್ಬರು ತಪ್ಪಿತಸ್ಥರು, ಇನ್ನೊಬ್ಬರು ನಿರಪರಾಧಿ. 1976ರ ತಿದ್ದುಪಡಿಯಲ್ಲಿ 13ಬಿ ಬಂದ ಮೇಲೆ ಒಪ್ಪಿ ಬಿಡುವ ದಾರಿ ತೆರೆಯಿತು. ನಿಮ್ಮಕ್ಕನದು ಅದೇ. ಅಲ್ಲಿ ಕೋರ್ಟು ಯಾರನ್ನೂ ತಪ್ಪಿತಸ್ಥರು ಅನ್ನುವುದಿಲ್ಲ. ಡಿಕ್ರಿ ತೆಗೆದು ಓದಿದರೆ ಗೊತ್ತಾಗುತ್ತದೆ, ಯಾರ ತಪ್ಪು ಅಂತ ಒಂದು ಸಾಲೂ ಇರುವುದಿಲ್ಲ. ಹೀಗಿರುವಾಗ "ಇನ್ನೊಸೆಂಟ್" ಅನ್ನೋದು ಯಾವ ಆರೋಪಕ್ಕೆ ಉತ್ತರ? ಯಾರೂ ಆರೋಪ ಮಾಡೇ ಇಲ್ಲ.

ಮಲ್ಲಿಗೆ ಮೊಳ

ಆರೋಪ ಕೋರ್ಟ್ ಮಾಡಿಲ್ಲ ಸರ್. ಊರು ಮಾಡಿದೆ. ದೊಡ್ಡಪ್ಪ ಉತ್ತರ ಕೊಡ್ತಿರೋದು ಊರಿಗೆ.

ಕರಿಕೋಟು

ಒಪ್ಪಿದೆ. ಆದರೆ ಆ ಪದ ಹಾಕಿದರೆ ಇನ್ನೊಂದು ತೊಂದರೆ ಇದೆ. ಒಬ್ಬರು ಇನ್ನೊಸೆಂಟ್ ಅಂದರೆ ಇನ್ನೊಬ್ಬರು ಅಲ್ಲ ಅಂತಾಯಿತು. ಹಳೆಯ ಗಂಡನ ಮನೆಯವರ ಕಣ್ಣಿಗೂ ಆ ಪೇಪರ್ ಬೀಳುತ್ತದೆ. ಒಳ್ಳೆಯ ಮಾತಿನಲ್ಲಿ ಬೇರೆಯಾದವರ ನಡುವೆ ಮತ್ತೆ ಕಿಡಿ ಯಾಕೆ?

ದಿನಾಂಕದ ವಿಷಯ ಒಂದು. 13ಬಿ ಪ್ರಕಾರ ಅರ್ಜಿ ಹಾಕುವ ಮೊದಲು ಕನಿಷ್ಠ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಸರಿಯಾದ ಸಂದರ್ಭ ಇದ್ದರೆ ಆ ಆರು ತಿಂಗಳನ್ನು ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗಾಗಿ ಮದುವೆ ದಿನಾಂಕ, ಡಿಕ್ರಿ ದಿನಾಂಕ ಎರಡೂ ಗೊತ್ತಾದರೆ ಎಷ್ಟು ಕಾಲ ಒಟ್ಟಿಗಿದ್ದಿರಬಹುದು ಅಂತ ತಿಳಿದವರು ಅಂದಾಜು ಮಾಡುತ್ತಾರೆ. ಡಿಕ್ರಿ ಪ್ರತಿ ಹೇಗೂ ಕೇಳುತ್ತಾರೆ, ಕೇಳಲೇಬೇಕು. ಮುಚ್ಚಿ ಪ್ರಯೋಜನ ಇಲ್ಲ.

ನೀವೂ ಕೇಳಿ. ಹುಡುಗನ ಕಡೆಯವರು "ಡೈವೋರ್ಸ್ ಆಗಿದೆ" ಅಂದರೆ ಸಾಲದು. "ವಿಚ್ಛೇದನ ಹಂತದಲ್ಲಿದೆ" ಅಂತ ಬರೆದವರನ್ನು ಈಗಲೇ ಪಕ್ಕಕ್ಕಿಡಿ. ಡಿಕ್ರಿ ಆಗದೆ ಇನ್ನೊಂದು ಮದುವೆ ಆದರೆ ಆ ಮದುವೆ ಕಾನೂನಿನಲ್ಲಿ ಮದುವೆಯೇ ಅಲ್ಲ.

ಅಡಿಕೆ ಸುಲಿಯುವವ

ಮಧ್ಯೆ ಬಾಯಿ ಹಾಕುತ್ತೇನೆ. ಇಲ್ಲಿ ಎಲ್ಲರೂ ಹುಡುಗಿಯರ ಕಷ್ಟ ಹೇಳುತ್ತಿದ್ದೀರಿ. ನಮ್ಮ ಜಾಹೀರಾತು ನೋಡಿದ್ದೀರಾ? ಶಿರಸಿ ಕಡೆಯವ, ವಯಸ್ಸು 36, ಸ್ವಂತ ತೋಟ. ನನ್ನಪ್ಪ ಹಾಕಿಸಿದ್ದು ಹೀಗೆ: "ಕೃಷಿಕ ವರ, ಪದವೀಧರ, ಮನೆವರೆಗೆ ಡಾಂಬರು ರಸ್ತೆ, ಕಾರು, ಇಂಟರ್ನೆಟ್ ಸೌಲಭ್ಯ, ಪೇಟೆಗೆ ಹತ್ತಿರ, ವಧುವಿಗೆ ತೋಟದ ಕೆಲಸ ಇರುವುದಿಲ್ಲ." ನನ್ನ ಬಗ್ಗೆ ಇದ್ದದ್ದು ಪದವೀಧರ ಅಂತ ಒಂದೇ ಪದ. ಉಳಿದದ್ದೆಲ್ಲ ರಸ್ತೆ ಬಗ್ಗೆ.

2023ರಲ್ಲಿ ಮಂಡ್ಯ ಕಡೆಯ ಹುಡುಗರು ಹೆಣ್ಣು ಸಿಗಲಿ ಅಂತ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನೀಲಿ ಕೊಡೆ

"ವಧುವಿಗೆ ತೋಟದ ಕೆಲಸ ಇರುವುದಿಲ್ಲ" ಅನ್ನೋದು ಎಷ್ಟು ಮಜಾ ಇದೆ! ಮನೆಯೊಳಗಿನ ಕೆಲಸದ ಬಗ್ಗೆ ಅಪ್ಪ ಏನೂ ಹೇಳಿಲ್ಲ ನೋಡಿ.

ಅಡಿಕೆ ಸುಲಿಯುವವ

ಅಮ್ಮನ ಮೊಣಕಾಲು ನೋವು. ಅದನ್ನು ಜಾಹೀರಾತಿನಲ್ಲಿ ಬರೆಯಕ್ಕಾಗತ್ತಾ?

ನೀಲಿ ಕೊಡೆ

ಬರೆದರೆ ಒಬ್ಬಳಾದರೂ ಗೊತ್ತಿದ್ದು ಬರುತ್ತಾಳೆ. ಬರೆಯದಿದ್ದರೆ ಬಂದ ಮೇಲೆ ಗೊತ್ತಾಗತ್ತೆ.

ಅಡಿಕೆ ಸುಲಿಯುವವ

ನೀವು ಬರ್ತೀರಾ?

ನೀಲಿ ಕೊಡೆ

ನನಗೆ ಮದುವೆಯಾಗಿ ಮಗಳು ಹೈಸ್ಕೂಲಿನಲ್ಲಿದ್ದಾಳೆ ತಮ್ಮಾ.

ಹಳೇ ಕೌಂಟರ್

ಶಿರಸಿ ಹುಡುಗನ ಮಾತು ವಿಷಯಕ್ಕೆ ಹೊರಗಿನದಲ್ಲ. ಯಾರಿಗೆ ಸಂಬಂಧ ಸಿಗುವುದು ಕಷ್ಟವೋ ಅವರ ಜಾಹೀರಾತು ಉದ್ದ ಆಗುತ್ತದೆ. ಮೊದಲೇ ಕ್ಷಮೆ ಕೇಳಿದ ಹಾಗೆ. ಸರ್ಕಾರಿ ನೌಕರ, ಮೂವತ್ತರೊಳಗೆ, ಬೆಂಗಳೂರು ಅಂದರೆ ಜಾಹೀರಾತು ಎರಡು ಸಾಲಿನಲ್ಲಿ ಮುಗಿಯುತ್ತಿತ್ತು.

ಅದೇ ಕಡೆಯವರು ಹಾಕುವ ಇನ್ನೊಂದು ಸಾಲು, "ಬಡ ಕುಟುಂಬದ ವಧುವಾದರೂ ಆದೀತು, ಮದುವೆ ಖರ್ಚು ನಾವೇ ನೋಡಿಕೊಳ್ಳುತ್ತೇವೆ." ಉದಾರ ಮಾತು ಅಂತ ಎಲ್ಲರೂ ಓದುತ್ತಾರೆ. ಎಷ್ಟೋ ಮನೆಗಳಲ್ಲಿ ಉದಾರವೇ. ಆದರೆ 45 ದಾಟಿದ ವಿಧುರರ ಜಾಹೀರಾತಿನಲ್ಲಿ ಇದು ಬಂದಾಗ, ಜೊತೆಗೆ "ಮಕ್ಕಳನ್ನು ಪ್ರೀತಿಯಿಂದ ನೋಡಿಕೊಳ್ಳುವ" ಅಂತಲೂ ಇದ್ದಾಗ ನನಗೆ ಬೇರೆ ಅನ್ನಿಸುತ್ತಿತ್ತು. ತವರಿಗೆ ವಾಪಸ್ ಹೋಗಲಾರದ ಹುಡುಗಿ ಬೇಕು ಅಂತ.

ಪಕ್ಕದ ಬೀದಿ

ಎಲ್ಲದರಲ್ಲೂ ಕೆಟ್ಟದ್ದೇ ಹುಡುಕಿದರೆ ಹೇಗೆ ಸರ್? ನನ್ನ ಸೋದರಮಾವ ಹಾಗೇ ಹಾಕಿ ಮದುವೆಯಾದರು. ಅತ್ತೆ ಇವತ್ತು ಆ ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ, ಮಾವ ಬೀಡಾ ಹಾಕಲೂ ಕೇಳಬೇಕು. ಪದ ನೋಡಿ ಮನುಷ್ಯನನ್ನು ಅಳೆಯೋದು ನನಗೆ ಸರಿ ಕಾಣುವುದಿಲ್ಲ. ಜನ ಬೇರೆ ಗೊತ್ತಿಲ್ಲದೆ ಹಳೇ ಮಾತು ಹಾಕುತ್ತಾರೆ ಅಂತ ನೀವೇ ಮೇಲೆ ಹೇಳಿದ್ರಿ.

ಹಳೇ ಕೌಂಟರ್

ಹೇಳಿದ್ದೆ. ಎರಡೂ ನಿಜ ಇರಬಹುದಲ್ವಾ. ನಿಮ್ಮ ಮಾವನವರಿಗೆ ನಮಸ್ಕಾರ ತಿಳಿಸಿ.

ಸಂಪಿಗೆ ರಸ್ತೆ

ಬಣ್ಣದ ಬಗ್ಗೆ ಯಾಕೆ ಯಾರೂ ಮಾತಾಡಿಲ್ಲ? ದೊಡ್ಡಪ್ಪನ ಸಾಲಿನಲ್ಲಿ "ಲಕ್ಷಣವಾದ" ಅಂತಿದೆ, ಬಣ್ಣ ಇಲ್ಲ. ಬೆಳ್ಳಗಿದ್ದರೆ "ಬಿಳಿ ಬಣ್ಣ", ಮಧ್ಯಮ ಇದ್ದರೆ "ಗೋಧಿ ಬಣ್ಣ" ಅಥವಾ "ಎಣ್ಣೆಗೆಂಪು" ಅಂತ ಹಾಕುತ್ತಾರೆ. ಏನೂ ಹಾಕದೆ ಬರೀ "ಲಕ್ಷಣವಾದ" ಅಂದರೆ ಕಪ್ಪು ಅಂತ ಓದಿಕೊಳ್ಳಬೇಕು. ನನ್ನ ಜಾಹೀರಾತಿನಲ್ಲೂ ಹಾಗೇ ಇತ್ತು, ಅದಕ್ಕೇ ಗೊತ್ತು.

ತುಂಗೆ ದಡದವನು

ಅಕ್ಕ ಕಪ್ಪಗೇ ಇದ್ದಾಳೆ. ದೊಡ್ಡಪ್ಪ ಅಷ್ಟು ಯೋಚಿಸಿ ಬಿಟ್ಟಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.

ಸಂಪಿಗೆ ರಸ್ತೆ

ಯೋಚಿಸಿಯೇ ಇರ್ತಾರೆ. "ಲಕ್ಷಣವಾದ" ತೆಗೆದುಬಿಡಿ. ಫೋಟೋ ಕಳಿಸ್ತೀರಲ್ಲ, ಅವರಿಗೂ ಕಣ್ಣಿದೆ.

ಗಂಟೆ ಬಸಣ್ಣ

ನಮ್ಮ ಹುಡುಗನಿಗೆ ಬಣ್ಣ ಅಡ್ಡಿಯಿಲ್ಲ.

ಹಳೇ ಕೌಂಟರ್

ಬಸಣ್ಣನವರು ತಮಾಷೆಯಾಗಿ ಕಂಡರೂ, ಮುಂದೆ ಏನಾಗುತ್ತದೆ ಅಂತ ತೋರಿಸಿಕೊಡುತ್ತಿದ್ದಾರೆ. ದೊಡ್ಡಪ್ಪನವರ ಜಾಹೀರಾತಿನಲ್ಲಿ ದೊಡ್ಡ ತೂತು ಇರೋದು "ವಿಚ್ಛೇದಿತ, ವಿಧುರ ಆದೀತು" ಅನ್ನುವ ಕಡೆ. ವರನ ವಯಸ್ಸೇ ಬರೆದಿಲ್ಲ. ಹೀಗೆ ಹಾಕಿದರೆ ಐವತ್ತರ ಆಸುಪಾಸಿನವರ ಫೋನು ಜಾಸ್ತಿ ಬರುತ್ತದೆ. ಡೈವೋರ್ಸ್ ಆದ ಹುಡುಗಿಯ ಮನೆಯವರು ಯಾರಾದರೂ ಒಪ್ಪುತ್ತಾರೆ ಅಂತ ಅವರ ಲೆಕ್ಕ. "ಆದೀತು" ಅನ್ನುವ ಪದವೇ ಆ ಧೈರ್ಯ ಕೊಡುತ್ತದೆ. 34ರಿಂದ 39 ಅಂತಲೋ ಏನೋ ಅಂಕಿ ಹಾಕಿ. ಮಗು ಇರುವ ವಿಧುರ ಅಕ್ಕನಿಗೆ ಒಪ್ಪಿಗೆಯೇ ಅಂತ ಮೊದಲು ಅಕ್ಕನನ್ನು ಕೇಳಿ, ಒಪ್ಪಿಗೆ ಇಲ್ಲದಿದ್ದರೆ ಅದನ್ನೂ ಬರೆಯಿರಿ.

"ಸ್ವಂತ ಮನೆಯುಳ್ಳ" ಕೂಡ ಹಾಗೇ. ಅದಕ್ಕೆ ಯಾರು ಬೇಕಾದರೂ ಹೂಂ ಅನ್ನಬಹುದು. ಅಪ್ಪನ ಹೆಸರಿನಲ್ಲಿದ್ದು ಮೂವರು ಅಣ್ಣತಮ್ಮಂದಿರು ಪಾಲುದಾರರಾದ ಮನೆಯೂ ಸ್ವಂತ ಮನೆಯೇ. ಸಾಲದ ಕಂತು ಇನ್ನೂ ಹದಿನೈದು ವರ್ಷ ಇರುವ ಫ್ಲ್ಯಾಟೂ ಸ್ವಂತವೇ. ಎದುರು ಕೂತಾಗ ಕೇಳುವ ಪ್ರಶ್ನೆ ಅದು, ಜಾಹೀರಾತಿನಲ್ಲಿ ದುಡ್ಡು ದಂಡ.

ನಂಬರಿನ ವಿಷಯ. ಹಿಂದೆ ಬಾಕ್ಸ್ ನಂಬರ್ ಅಂತ ಇತ್ತು, ಪತ್ರಗಳು ಪತ್ರಿಕೆಯ ಕಚೇರಿಗೆ ಬರುತ್ತಿದ್ದವು, ನಾವು ಕಟ್ಟು ಕಟ್ಟಿ ಕೊಡುತ್ತಿದ್ದೆವು. ಹೆಸರು, ಊರು ಗುಟ್ಟಾಗಿರುತ್ತಿತ್ತು. ಈಗ ಎಲ್ಲರೂ ಮೊಬೈಲ್ ಹಾಕುತ್ತಾರೆ. ಭಾನುವಾರ ಬೆಳಿಗ್ಗೆ ಮೊದಲು ಬರುವ ಫೋನುಗಳು ಬ್ರೋಕರ್‌ಗಳದ್ದು. "ಒಳ್ಳೆ ಹುಡುಗ ಇದ್ದಾನೆ, ನೋಂದಣಿ ಶುಲ್ಕ ಇಷ್ಟು" ಅಂತ. "ಮಧ್ಯವರ್ತಿಗಳು ಬೇಡ" ಅಂತ ಹಾಕಿದರೂ ಮಾಡುತ್ತಾರೆ, ಆದರೆ ಫೋನ್ ಇಡುವಾಗ ನಿಮಗೆ ಸಂಕೋಚ ಇರುವುದಿಲ್ಲ. ಅಕ್ಕನ ನಂಬರ್ ಮಾತ್ರ ಹಾಕಬೇಡಿ.

ಕಾನೂನು ಕಟ್ಟೆ

ಇಷ್ಟೆಲ್ಲಾ ಯಾಕೆ? ಡೈವೋರ್ಸ್ ವಿಷಯ ಜಾಹೀರಾತಿನಲ್ಲಿ ಬಿಟ್ಟುಬಿಡಿ. ಹುಡುಗ ಬಂದು ನೋಡಿ, ಒಪ್ಪಿಗೆಯಾದ ಮೇಲೆ ನಿಧಾನವಾಗಿ ಹೇಳಿದರಾಯಿತು. ಮೊದಲೇ ಹೇಳಿದರೆ ಓದುವವರು ಪುಟ ತಿರುಗಿಸುತ್ತಾರೆ.

ಕರಿಕೋಟು

ಈ ಸಲಹೆ ಅಪಾಯದ್ದು. ಜಾಹೀರಾತಿನಲ್ಲಿ ಬಿಟ್ಟರೆ ಕಾನೂನಿನ ತೊಂದರೆ ಇಲ್ಲ, ನಿಜ. ಆದರೆ "ನಿಧಾನವಾಗಿ" ಅನ್ನೋದು ಎಷ್ಟೋ ಮನೆಗಳಲ್ಲಿ ಮದುವೆ ಮುಗಿಯುವವರೆಗೂ ನಿಧಾನ ಆಗುತ್ತದೆ. ಮುಖ್ಯ ಸಂಗತಿ ಮುಚ್ಚಿಟ್ಟು, ಮೋಸದಿಂದ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನೇ ರದ್ದು ಮಾಡಿಸಲು ಹಿಂದೂ ವಿವಾಹ ಕಾಯ್ದೆಯ 12ನೇ ಕಲಂನಲ್ಲಿ ಅವಕಾಶ ಇದೆ. ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಒಂದು ಸಲ ಕೋರ್ಟ್ ಮೆಟ್ಟಿಲು ಹತ್ತಿ ಬಂದವರನ್ನು ಮತ್ತೆ ಅಲ್ಲಿಗೇ ಕಳಿಸುವ ದಾರಿ ಇದು.

ಮಲ್ಲಿಗೆ ಮೊಳ

ಪುಟ ತಿರುಗಿಸುವವರು ತಿರುಗಿಸಲಿ ಬಿಡಿ. ಅವರು ಮನೆಗೆ ಬಂದು ಉಪ್ಪಿಟ್ಟು ಕೇಸರಿಬಾತ್ ತಿಂದು ಹೋಗಿ ಆಮೇಲೆ ತಿರುಗಿಸೋದಕ್ಕಿಂತ ಅದು ಮೇಲು.

ತುಂಗೆ ದಡದವನು

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ಅಕ್ಕ, ನಾನು, ದೊಡ್ಡಪ್ಪ ಕೂತು ತಿದ್ದಿದೆವು. ಈಗ ಹೀಗಿದೆ:

"33 ವರ್ಷ, 5 ಅಡಿ 3 ಅಂಗುಲ, ಎಂ.ಕಾಂ., ಖಾಸಗಿ ಬ್ಯಾಂಕ್ ಉದ್ಯೋಗಿ, ವಿಚ್ಛೇದಿತೆ (ಪರಸ್ಪರ ಒಪ್ಪಿಗೆ, ಡಿಕ್ರಿ ಆಗಿದೆ), ಮಕ್ಕಳಿಲ್ಲ. ಮದುವೆಯ ನಂತರವೂ ಉದ್ಯೋಗ ಮುಂದುವರಿಸುವವರು. 34ರಿಂದ 40ರೊಳಗಿನ, ದುಶ್ಚಟಗಳಿಲ್ಲದ, ಸ್ವಜಾತಿಯ ವರ ಬೇಕು. ಸರಳ ಮದುವೆ. ಮಧ್ಯವರ್ತಿಗಳು ಬೇಡ."

ಉದ್ಯೋಗದ ಸಾಲು ಅಕ್ಕ ಸೇರಿಸಿದ್ದು. "ಸರಳ ಮದುವೆ"ಗೆ ದೊಡ್ಡಪ್ಪ ಒಪ್ಪಲು ತುಂಬಾ ಹೊತ್ತು ಹಿಡಿಯಿತು. "ಸುಸಂಸ್ಕೃತ ಕುಟುಂಬ" ತೆಗೆದಾಗ ಮಾತ್ರ "ಹಾಗಾದರೆ ನಮ್ಮ ಮನೆತನ ಅಂತ ಏನೂ ಇಲ್ವಾ?" ಅಂದರು.

ಪಕ್ಕದ ಬೀದಿ

ಪಾಪ, ಅದೊಂದು ಇರಲಿ ಬಿಡಿ. ಯಾರಿಗೂ ನಷ್ಟವಿಲ್ಲ.

ಸಂಪಿಗೆ ರಸ್ತೆ

"ಸ್ವಜಾತಿಯ" ಹಾಗೇ ಉಳೀತಲ್ಲ. ಇಷ್ಟೆಲ್ಲಾ ಪದ ಬಿಡಿಸಿ ನೋಡಿದ ಮೇಲೂ ಅದನ್ನು ಯಾರೂ ಮುಟ್ಟಲಿಲ್ಲ. ಅಕ್ಕನ ಮಾತೋ, ದೊಡ್ಡಪ್ಪನ ಮಾತೋ?

ತುಂಗೆ ದಡದವನು

ದೊಡ್ಡಪ್ಪನದು. ಅಕ್ಕ ಏನೂ ಹೇಳಲಿಲ್ಲ. ಒಪ್ಪಿ ಸುಮ್ಮನಿದ್ದಳೋ, ಒಂದೇ ರಾತ್ರಿಯಲ್ಲಿ ಎಷ್ಟು ಜಗಳ ಆಡೋದು ಅಂತ ಸುಮ್ಮನಿದ್ದಳೋ ಗೊತ್ತಿಲ್ಲ.

ಹಳೇ ಕೌಂಟರ್

ಇದಕ್ಕೂ ಒಂದು ಸಿದ್ಧ ಮಾತು ಇದೆ. "ಜಾತಿ ಅಡ್ಡಿಯಿಲ್ಲ" ಅಂತ ದೊಡ್ಡದಾಗಿ ಹಾಕಿಸಿ, ಆವರಣದಲ್ಲಿ ಪರಿಶಿಷ್ಟರನ್ನು ಹೊರತುಪಡಿಸಿ ಅಂತ ಸೇರಿಸುವವರು ಎಷ್ಟೋ ಜನ ಬರುತ್ತಿದ್ದರು. ಬರೆದುಕೊಡುವಾಗ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ, ತಾವು ಭಾರೀ ಮುಂದುವರಿದವರು ಅಂತಲೇ ಇರುತ್ತಿತ್ತು. ಅದಕ್ಕಿಂತ "ಸ್ವಜಾತಿ" ಅಂತ ನೇರ ಹಾಕುವವರೇ ವಾಸಿ ಅಂತ ನಾನು ಅಂದುಕೊಳ್ಳುತ್ತಿದ್ದೆ.

ಸಂಪಿಗೆ ರಸ್ತೆ

ವಾಸಿ ಹೇಗೆ ಸರ್? ಒಬ್ಬ ಬಾಗಿಲು ಅರ್ಧ ತೆಗೆದು ನಮ್ಮನ್ನು ನೋಡಿ ಮುಚ್ಚುತ್ತಾನೆ, ಇನ್ನೊಬ್ಬ ತೆಗೆಯೋದೇ ಇಲ್ಲ. ಹೊರಗೆ ನಿಂತವರಿಗೆ ಎರಡೂ ಒಂದೇ.

ಪಕ್ಕದ ಬೀದಿ

ಇದು ಶುರುವಾದರೆ ಇವತ್ತು ಮುಗಿಯಲ್ಲ. ಆ ಹುಡುಗ ಮೊದಲೇ ಬೇಡ ಅಂದಿದ್ದ.

ಸಂಪಿಗೆ ರಸ್ತೆ

ಜಾತಿ ಹೆಸರು ಬೇಡ ಅಂದಿದ್ರು. ನಾನು ಯಾವ ಹೆಸರೂ ಹೇಳಿಲ್ಲ.

ನೀಲಿ ಕೊಡೆ

ತುಂಗೆ ತಮ್ಮಾ, ಆ ಒಂದು ಪದದ ಬಗ್ಗೆ ಅಕ್ಕನ ಹತ್ತಿರ ದೊಡ್ಡಪ್ಪ ಇಲ್ಲದಾಗ ಒಂದು ಸಲ ಕೇಳು. ಅವಳು ಬೇಕು ಅಂದರೆ ಇರಲಿ, ಅವಳ ಮದುವೆ.

ತುಂಗೆ ದಡದವನು

ಕೇಳ್ತೀನಿ ಅಕ್ಕ. ಈ ಭಾನುವಾರಕ್ಕೇ ಕೊಡಬೇಕು ಅಂತಿದ್ವಿ.

ಹಳೇ ಕೌಂಟರ್

ಈ ಭಾನುವಾರ ಬೇಡ. ಆಷಾಢ ನಡೀತಿದೆ, ಓದಿದವರೂ ಫೋನ್ ಎತ್ತಲ್ಲ, ಎತ್ತಿದರೂ ಆಷಾಢ ಕಳೀಲಿ ನೋಡೋಣ ಅಂತಾರೆ. ಶ್ರಾವಣದ ಮೊದಲ ಭಾನುವಾರಕ್ಕೆ ಹಾಕಿ. ಆದರೆ ಆ ವಾರ ಎಲ್ಲರೂ ಹಾಕುತ್ತಾರೆ, ಹಾಗಾಗಿ ಫಾರಂ ಬೇಗ ಕೊಡಿ, ಕಡೇ ಗಳಿಗೆಯಲ್ಲಿ ಹೋದರೆ ಮುಂದಿನ ವಾರಕ್ಕೆ ತಳ್ಳುತ್ತಾರೆ. ಅಚ್ಚಿಗೆ ಹೋಗುವ ಮೊದಲು ಕರಡು ತೋರಿಸಿ ಅಂತ ಕೇಳಿ. ವಯಸ್ಸಿನ ಅಂಕಿ, ಫೋನ್ ನಂಬರ್ ಎರಡನ್ನೂ ಬೆರಳಿಟ್ಟು ಓದಿ.

ಗಂಟೆ ಬಸಣ್ಣ

40ರೊಳಗೆ ಅಂತ ಹಾಕಿದ್ದೀರಿ. 45 ಆದರೂ ನಮ್ಮ ಹುಡುಗ ನೋಡಲು 40ರ ಹಾಗೇ ಇದ್ದಾನೆ.